ಅಧ್ಯಾಯ 5: ನಡವಳಿಕೆ ಮತ್ತು ಶಿಸ್ತು ಕ್ರಮ

5.1 ಯಾರಿಗೆ, ಎಲ್ಲೆಲ್ಲಿ

ನಮ್ಮ ಪ್ಯಾಕೇಜಿಂಗ್ ಘಟಕದಲ್ಲಿ ಎರಡೂ ಶಿಫ್ಟ್ ಸೇರಿ 140 ಜನ ಇದ್ದೇವೆ. ಈ ಅಧ್ಯಾಯ ಅಷ್ಟೂ ಜನರಿಗೆ ಒಂದೇ. ಕಾಯಂ, ಪ್ರೊಬೇಷನ್, ಟ್ರೈನಿ ಎಂಬ ಭೇದ ಇಲ್ಲ. ಮ್ಯಾನೇಜರ್ ತಡವಾಗಿ ಬಂದರೂ ತಡವೇ, ಲೋಡಿಂಗ್‌ನವರು ತಡವಾಗಿ ಬಂದರೂ ತಡವೇ. ಗುತ್ತಿಗೆ ಕೆಲಸಗಾರರೂ ಇದೇ ನಿಯಮಗಳನ್ನು ಪಾಲಿಸಬೇಕು. ಆದರೆ ಅವರ ಮೇಲೆ ಕ್ರಮ ಕೈಗೊಳ್ಳುವುದು ಅವರ ಗುತ್ತಿಗೆದಾರರು. ನಾವು ವರದಿ ಕಳಿಸುತ್ತೇವೆ, ಸಾಕ್ಷಿ ಒದಗಿಸುತ್ತೇವೆ.

ಗೇಟಿನ ಒಳಗೆ ಮಾತ್ರವಲ್ಲ, ಕಂಪನಿ ಗಾಡಿಯಲ್ಲಿ, ಗ್ರಾಹಕರ ಜಾಗದಲ್ಲಿ, ಕೆಲಸದ ವಾಟ್ಸಾಪ್ ಗ್ರೂಪಿನಲ್ಲಿ ಕೂಡ ಈ ನಿಯಮಗಳು ಅನ್ವಯಿಸುತ್ತವೆ. ರಜೆಯ ದಿನ ನಿಮ್ಮ ಮನೆಯಲ್ಲಿ ನೀವೇನು ಮಾಡುತ್ತೀರಿ ಎಂಬುದು ನಮಗೆ ಬೇಡದ ವಿಷಯ. ಸಹೋದ್ಯೋಗಿಗೆ ಬೆದರಿಕೆ ಹಾಕಿದರೆ ಮಾತ್ರ ಅದು ಎಲ್ಲಿ ನಡೆದರೂ ನಮ್ಮ ವಿಷಯವೇ.

5.2 ಹಾಜರಿ ಮತ್ತು ಪಂಚಿಂಗ್

ಮೊದಲ ಶಿಫ್ಟ್ ಬೆಳಿಗ್ಗೆ 6ಕ್ಕೆ, ಎರಡನೆಯದು ಮಧ್ಯಾಹ್ನ 2ಕ್ಕೆ ಶುರು. 10 ನಿಮಿಷದವರೆಗಿನ ತಡವನ್ನು ತಿಂಗಳಿಗೆ 3 ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬರಲು ಆಗದಿದ್ದರೆ ಶಿಫ್ಟ್‌ಗೆ ಒಂದು ಗಂಟೆ ಮೊದಲು ಸೂಪರ್‌ವೈಸರ್‌ಗೆ ಫೋನ್ ಮಾಡಿ ಅಥವಾ ಮೆಸೇಜ್ ಹಾಕಿ. ‘ಪಕ್ಕದ ಮಷಿನ್‌ನವರಿಗೆ ಹೇಳಿದ್ದೆ’ ಎಂದರೆ ಸಾಲದು. ಆಸ್ಪತ್ರೆ, ಅಪಘಾತದಂತಹ ತುರ್ತು ಇದ್ದರೆ ಆಮೇಲೆ ಹೇಳಿದರೂ ನಡೆಯುತ್ತದೆ. ಆಗ ಗಡಿಯಾರ ನೋಡಿ ಎಂದು ಯಾರೂ ಹೇಳುವುದಿಲ್ಲ.

ಒಬ್ಬರ ಕಾರ್ಡನ್ನು ಇನ್ನೊಬ್ಬರು ಪಂಚ್ ಮಾಡುವುದನ್ನು ಕೆಲವರು ಸಣ್ಣ ಸಹಾಯ ಎಂದುಕೊಂಡಿದ್ದಾರೆ. ಸಂಬಳದ ಲೆಕ್ಕ ತಪ್ಪುವುದು ಒಂದು ಮಾತು. ಇನ್ನೊಂದು ಇದಕ್ಕಿಂತ ದೊಡ್ಡದು. ಬೆಂಕಿ ಬಿದ್ದರೆ ಹೊರಗಿನ ಮೈದಾನದಲ್ಲಿ ತಲೆ ಎಣಿಸುವುದು ಇದೇ ಪಂಚಿಂಗ್ ಪಟ್ಟಿ ಹಿಡಿದುಕೊಂಡು. ಒಳಗಿಲ್ಲದವರ ಹೆಸರು ಪಟ್ಟಿಯಲ್ಲಿದ್ದರೆ ಅವರನ್ನು ಹುಡುಕಲು ಯಾರೋ ಹೊಗೆಯೊಳಗೆ ಹೋಗುತ್ತಾರೆ. ಆದ್ದರಿಂದ ಕಾರ್ಡ್ ಕೊಟ್ಟವರು, ಪಂಚ್ ಮಾಡಿದವರು ಇಬ್ಬರ ಮೇಲೂ ಕ್ರಮ ಆಗುತ್ತದೆ. ಇದು 5.7ರ ಗಂಭೀರ ತಪ್ಪು.

5.3 ಸುರಕ್ಷತೆ

ಡೈ ಕಟಿಂಗ್ ಮಷಿನ್‌ನ ಗಾರ್ಡ್ ತೆರೆದರೆ ಮಷಿನ್ ತಾನಾಗಿಯೇ ನಿಲ್ಲುತ್ತದೆ. ಹಾಳೆ ಸಿಕ್ಕಿಕೊಂಡಾಗಲೆಲ್ಲ ನಿಲ್ಲಿಸಿ, ತೆಗೆದು, ಮತ್ತೆ ಶುರು ಮಾಡುವುದು ಕಿರಿಕಿರಿ, ನಿಜ. ಆ ಕಿರಿಕಿರಿ ತಪ್ಪಿಸಲು ಗಾರ್ಡ್ ಸ್ವಿಚ್‌ಗೆ ಒಂದು ತುಂಡು ಟೇಪ್ ಸುತ್ತಿದರೆ ಸಾಕು, ಗಾರ್ಡ್ ತೆರೆದಿದ್ದರೂ ಬ್ಲೇಡ್ ಬೀಳುತ್ತಲೇ ಇರುತ್ತದೆ. ಕೈ ಹೋಗುವುದು ಆಗಲೇ. ಗಾರ್ಡ್, ಸೆನ್ಸರ್, ಎಮರ್ಜೆನ್ಸಿ ಸ್ಟಾಪ್ ಇವುಗಳನ್ನು ಕೆಲಸ ಮಾಡದಂತೆ ಮಾಡುವುದಕ್ಕೆ ಯಾವ ಕಾರಣವನ್ನೂ ಒಪ್ಪುವುದಿಲ್ಲ. ಟಾರ್ಗೆಟ್ ಮುಟ್ಟಬೇಕಿತ್ತು ಎಂಬುದನ್ನಂತೂ ಒಪ್ಪುವುದೇ ಇಲ್ಲ. ಹಾಗೆ ಮಾಡಲು ಸೂಪರ್‌ವೈಸರ್ ಹೇಳಿದ್ದರೆ, ಅಥವಾ ನೋಡಿಯೂ ಸುಮ್ಮನಿದ್ದರೆ, ಅವರಿಗೂ ನೋಟಿಸ್ ಹೋಗುತ್ತದೆ.

ರಿಪೇರಿ ವೇಳೆ ಮಷಿನ್‌ಗೆ ಹಾಕಿದ ಬೀಗವನ್ನು ಹಾಕಿದವರೇ ತೆಗೆಯಬೇಕು. ಮದ್ಯ ಅಥವಾ ಮಾದಕ ವಸ್ತು ಸೇವಿಸಿ ಮಷಿನ್ ಹತ್ತಿರ ಬರಬಾರದು. ತಲೆಸುತ್ತು ಬರಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಬೇರೆ ಕೆಲಸ ಕೊಡುತ್ತೇವೆ. ಅದು ತಪ್ಪಲ್ಲ.

ಅಪಾಯ ಕಂಡು ಮಷಿನ್ ನಿಲ್ಲಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. ಅನುಮಾನ ಕೊನೆಗೆ ಸುಳ್ಳಾಗಿದ್ದರೂ ಇಲ್ಲ.

5.4 ಮಾತು ಮತ್ತು ಕಿರುಕುಳ

ಕೆಲಸದಲ್ಲಿ ಜೋರು ಮಾತು ಬರುತ್ತದೆ. ಮಷಿನ್ ಸದ್ದಿನ ನಡುವೆ ಪಿಸುಗುಟ್ಟಲು ಆಗಲ್ಲ, ಅಲ್ವಾ? ಜೋರು ದನಿ ಬೇರೆ, ಅವಮಾನ ಬೇರೆ. ಒಪ್ಪಿಗೆ ಇಲ್ಲದೆ ಏಕವಚನದಲ್ಲಿ ಕರೆಯುವುದು, ಜಾತಿ, ಧರ್ಮ, ಭಾಷೆ, ಮೈಬಣ್ಣ, ಅಂಗವೈಕಲ್ಯ ಹಿಡಿದು ಹಂಗಿಸುವುದು, ಎಲ್ಲರ ಮುಂದೆ ಬೈದು ತಲೆ ತಗ್ಗಿಸುವುದು ಇವೆಲ್ಲ ತಪ್ಪು. ‘ಸುಮ್ನೆ ತಮಾಷೆಗೆ ಅಂದೆ’ ಎನ್ನುವ ಉತ್ತರ ನಮಗೆ ಬಹಳ ಸಲ ಬಂದಿದೆ. ತಮಾಷೆ ಹೌದೋ ಅಲ್ಲವೋ ಎಂದು ನೋಡುವಾಗ ಅದನ್ನು ಕೇಳಿಸಿಕೊಂಡವರಿಗೆ ಏನಾಯಿತು ಎಂಬುದೇ ಮೊದಲು.

ಲೈಂಗಿಕ ಅರ್ಥದ ಮಾತು, ಚಿತ್ರ, ಮೆಸೇಜ್, ಬೇಡವೆಂದರೂ ಮುಟ್ಟುವುದು, ಬಡ್ತಿ ಅಥವಾ ಶಿಫ್ಟ್ ಬದಲಾವಣೆಯ ಆಸೆ ತೋರಿಸಿ ಒತ್ತಾಯಿಸುವುದು ಲೈಂಗಿಕ ಕಿರುಕುಳ. ಇಂತಹ ದೂರನ್ನು ಸೂಪರ್‌ವೈಸರ್ ‘ಮಾತಾಡಿಕೊಂಡು ಮುಗಿಸಿ’ ಎಂದು ಬಿಡುವ ಹಾಗಿಲ್ಲ. ಅದೇ ದಿನ ಅದನ್ನು ದೂರು ಸಮಿತಿಗೆ ಕೊಡಬೇಕು.

ಒಂದೇ ಸಲ ನಡೆಯಿತು, ಅದಕ್ಕೂ ಕ್ರಮವೇ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಪ್ಪಂದದಲ್ಲಿ ಒಂದೇ ಸಲ ನಡೆದದ್ದೂ ಕಿರುಕುಳವಾಗಬಹುದು ಎಂದಿದೆ. ನಾವೂ ಅದನ್ನೇ ಪಾಲಿಸುತ್ತೇವೆ.

ತಪ್ಪು ತೋರಿಸುವುದು, ಕೆಲಸದ ಲೆಕ್ಕ ಕೇಳುವುದು, ರಜೆ ನಿರಾಕರಿಸುವುದು ಕಿರುಕುಳವಲ್ಲ. ಸರಿಯಾದ ಮಾತಿನಲ್ಲಿ ಹೇಳಿದ್ದರೆ ಅದು ಸೂಪರ್‌ವೈಸರ್ ಕೆಲಸ.

5.5 ಸಾಮಾನು, ಹಣ, ಮಾಹಿತಿ

ಗೇಟ್ ಪಾಸ್ ಇಲ್ಲದೆ ಏನೂ ಹೊರಗೆ ಹೋಗಬಾರದು. ಸ್ಕ್ರ್ಯಾಪ್ ರಟ್ಟು ಕೂಡ. ಬೇಕಿದ್ದರೆ ಕೇಳಿ, ಬಹಳ ಸಲ ಸಿಗುತ್ತದೆ. ಸಪ್ಲೈಯರ್‌ಗಳಿಂದ ಹಣ ಅಥವಾ ಉಡುಗೊರೆ ಪಡೆಯಬಾರದು. ಗ್ರಾಹಕರ ಡಿಸೈನ್‌ಗಳ ಫೋಟೊ ತೆಗೆಯಬಾರದು, ಯಾರಿಗೂ ಕಳಿಸಬಾರದು. ನಿಮ್ಮ ಪಾಸ್‌ವರ್ಡ್ ಬಳಸಿ ಬೇರೆಯವರು ಮಾಡಿದ್ದಕ್ಕೂ ನೀವೇ ಉತ್ತರ ಹೇಳಬೇಕಾಗುತ್ತದೆ.

5.6 ಶಿಸ್ತು ಕ್ರಮದ ಹಂತಗಳು

ಸಾಮಾನ್ಯ ತಪ್ಪುಗಳಿಗೆ ನಾಲ್ಕು ಹಂತ.

ಮೊದಲನೆಯದು ಮಾತಿನ ಎಚ್ಚರಿಕೆ. ಸೂಪರ್‌ವೈಸರ್ ನಿಮ್ಮನ್ನು ಪ್ರತ್ಯೇಕವಾಗಿ ಕರೆದು ಮಾತಾಡುತ್ತಾರೆ. ದಿನಾಂಕ ಮತ್ತು ವಿಷಯವನ್ನು ಎರಡು ಸಾಲಿನಲ್ಲಿ ಬರೆದಿಡುತ್ತಾರೆ, ಆ ಸಾಲುಗಳನ್ನು ನಿಮಗೆ ತೋರಿಸುತ್ತಾರೆ. ಇದಕ್ಕೆ 3 ತಿಂಗಳು ಆಯುಸ್ಸು.

ಅದೇ ತರಹದ ತಪ್ಪು ಆ ಅವಧಿಯಲ್ಲಿ ಮತ್ತೆ ಆದರೆ ಎಚ್ಚರಿಕೆ ಪತ್ರ. ಅದು 6 ತಿಂಗಳು ಜಾರಿಯಲ್ಲಿರುತ್ತದೆ. ಅದರಲ್ಲಿ ಏನು ಸರಿಯಾಗಬೇಕು, ಎಷ್ಟು ದಿನದಲ್ಲಿ, ಅದಕ್ಕೆ ಕಂಪನಿ ಏನು ಸಹಾಯ ಮಾಡುತ್ತದೆ ಎಂಬ ಮೂರೂ ಇರಬೇಕು. ಸಹಾಯದ ಮಾತೇ ಇಲ್ಲದ ಪತ್ರವನ್ನು ಎಚ್‌ಆರ್ ಸೂಪರ್‌ವೈಸರ್‌ಗೆ ವಾಪಸ್ ಕಳಿಸುತ್ತದೆ.

ಮೂರನೆಯದು ಕೊನೆಯ ಎಚ್ಚರಿಕೆ ಪತ್ರ, 12 ತಿಂಗಳು. ಇದರ ಮೇಲೂ ತಪ್ಪಾದರೆ ನಾಲ್ಕನೇ ಹಂತವಾದ ವಿಚಾರಣೆ. ತಪ್ಪು ಸಾಬೀತಾದರೆ 4 ದಿನದವರೆಗೆ ಸಂಬಳವಿಲ್ಲದ ಅಮಾನತು, ಒಂದು ವರ್ಷ ಬಡ್ತಿ ತಡೆ, ಅಥವಾ ಕೆಲಸದಿಂದ ವಜಾ. ಸಂಬಳದಲ್ಲಿ ದಂಡ ಮುರಿಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಅವಧಿ ಮುಗಿದ ಎಚ್ಚರಿಕೆಯನ್ನು ಹೊಸ ಪ್ರಕರಣದಲ್ಲಿ ಕೆದಕುವಂತಿಲ್ಲ. ‘ಎರಡು ವರ್ಷದ ಹಿಂದೆಯೂ ಇವರು ಹೀಗೇ’ ಎಂಬ ವಾಕ್ಯ ಕಡತದಲ್ಲಿ ಕಂಡರೆ ಅದನ್ನು ಪರಿಗಣಿಸುವುದಿಲ್ಲ.

ಶಿಕ್ಷೆ ತೀರ್ಮಾನಿಸುವಾಗ ಇದೇ ತಪ್ಪಿಗೆ ಹಿಂದೆ ಬೇರೆಯವರಿಗೆ ಏನು ಕೊಟ್ಟಿದ್ದೇವೆ ಎಂದು ನೋಡಲೇಬೇಕು. ಈ ಸಲ ಜಾಸ್ತಿ ಅಥವಾ ಕಡಿಮೆ ಕೊಡುವುದಿದ್ದರೆ ಕಾರಣವನ್ನು ಆದೇಶದಲ್ಲೇ ಬರೆಯಬೇಕು.

5.7 ಗಂಭೀರ ತಪ್ಪುಗಳು

ಕಳ್ಳತನ, ಲಂಚ, ಸುಳ್ಳು ದಾಖಲೆ, ಇನ್ನೊಬ್ಬರ ಕಾರ್ಡ್ ಪಂಚ್ ಮಾಡುವುದು, ಹೊಡೆದಾಟ, ಲೈಂಗಿಕ ಕಿರುಕುಳ, ಸುರಕ್ಷತಾ ಸಾಧನ ಕೆಡಿಸುವುದು, ಕುಡಿದು ಮಷಿನ್ ನಡೆಸುವುದು. ಇವುಗಳಿಗೆ ಮೊದಲ ಮೂರು ಹಂತ ಇಲ್ಲ. ನೇರ ವಿಚಾರಣೆ, ಮೊದಲ ಸಲವೇ ವಜಾ ಆಗಬಹುದು. ಆದರೆ ವಿಚಾರಣೆ ತಪ್ಪುವುದಿಲ್ಲ. ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಂಡಿದ್ದರೂ ಎದುರಿನವರ ಮಾತು ಕೇಳದೆ ಯಾರನ್ನೂ ತೆಗೆಯುವುದಿಲ್ಲ.

5.8 ವಿಚಾರಣೆ ನಡೆಯುವ ರೀತಿ

ದೂರು ಬಂದ 7 ದಿನದೊಳಗೆ ಶೋಕಾಸ್ ನೋಟಿಸ್ ಕೊಡಬೇಕು. ‘ನಿಮ್ಮ ನಡತೆ ಸರಿಯಿಲ್ಲ, ಕಾರಣ ಕೊಡಿ’ ಎಂದು ಬರೆದರೆ ಅದನ್ನು ನೋಟಿಸ್ ಎನ್ನಲಾಗದು. ಹೀಗಿರಬೇಕು: ‘ಮಾರ್ಚ್ 4ರ ಎರಡನೇ ಶಿಫ್ಟ್‌ನಲ್ಲಿ, ಸಂಜೆ 5:20ಕ್ಕೆ, ನೀವು ನಡೆಸುತ್ತಿದ್ದ 2ನೇ ಡೈ ಕಟಿಂಗ್ ಮಷಿನ್‌ನ ಗಾರ್ಡ್ ಸ್ವಿಚ್‌ಗೆ ಟೇಪ್ ಸುತ್ತಿದ್ದು ಸುರಕ್ಷತಾ ಅಧಿಕಾರಿಗೆ ಕಂಡುಬಂದಿದೆ. ಇದು 5.3ರ ಉಲ್ಲಂಘನೆ. ಫೋಟೊ ಲಗತ್ತಿಸಿದೆ. ಈ ಬಗ್ಗೆ ನಿಮ್ಮ ವಿವರಣೆ ಕೊಡಿ.’ ಇದನ್ನು ಓದಿದವರು ಯಾವುದಕ್ಕೆ ಉತ್ತರ ಕೊಡಬೇಕು ಎಂದು ತಲೆ ಕೆರೆದುಕೊಳ್ಳಬೇಕಾಗಿಲ್ಲ. ಟೇಪ್ ಹಿಂದಿನ ಶಿಫ್ಟ್‌ನವರದ್ದಾಗಿದ್ದರೆ ಅದನ್ನೂ ಹೇಳಬಹುದು.

ಉತ್ತರ ಕೊಡಲು 5 ಕೆಲಸದ ದಿನ ಇದೆ. ಬರೆಯಲು ಕಷ್ಟವಾದರೆ ಬಾಯಲ್ಲಿ ಹೇಳಿ, ಎಚ್‌ಆರ್ ಬರೆದುಕೊಂಡು ನಿಮಗೆ ಓದಿ ಹೇಳುತ್ತದೆ. ಉತ್ತರ ಒಪ್ಪುವಂತಿದ್ದರೆ ವಿಷಯ ಅಲ್ಲಿಗೇ ಮುಗಿಯಿತು, ಹಾಗೆಂದು ಲಿಖಿತವಾಗಿ ತಿಳಿಸುತ್ತೇವೆ.

ಮುಂದುವರಿದರೆ ವಿಚಾರಣಾಧಿಕಾರಿ ನೇಮಕ. ದೂರು ಕೊಟ್ಟವರು, ಸಾಕ್ಷಿ, ನಿಮ್ಮ ಸೂಪರ್‌ವೈಸರ್ ಈ ಮೂವರಲ್ಲಿ ಯಾರೂ ವಿಚಾರಣಾಧಿಕಾರಿ ಆಗುವಂತಿಲ್ಲ. ನಿಮಗೆ ನಂಬಿಕೆಯಿರುವ ಒಬ್ಬ ಸಹೋದ್ಯೋಗಿಯನ್ನು ಜೊತೆಗೆ ಕರೆತರಬಹುದು. ಆ ಹೊತ್ತಿನ ಸಂಬಳ ಅವರಿಗೂ ಸಿಗುತ್ತದೆ. ಸಾಕ್ಷಿಗಳಿಗೆ ಪ್ರಶ್ನೆ ಕೇಳಬಹುದು, ನಿಮ್ಮ ಕಡೆಯ ಸಾಕ್ಷಿ ತರಬಹುದು. ಪ್ರತಿ ದಿನದ ನಡಾವಳಿಯ ಪ್ರತಿ ನಿಮಗೆ ಅಂದೇ ಕೊಡಬೇಕು. ಲೈಂಗಿಕ ಕಿರುಕುಳದ ಪ್ರಕರಣವನ್ನು ದೂರು ಸಮಿತಿಯೇ ನಡೆಸುತ್ತದೆ. ಅಲ್ಲಿ ದೂರುದಾರರನ್ನು ಎದುರು ಕೂರಿಸುವುದಿಲ್ಲ, ಪ್ರಶ್ನೆಗಳು ಸಮಿತಿಯ ಮೂಲಕ ಹೋಗುತ್ತವೆ.

ವಿಚಾರಣೆ ವೇಳೆ ಅಮಾನತು ಮಾಡಿದರೆ ಅದು ಶಿಕ್ಷೆಯಲ್ಲ. ಸಾಕ್ಷಿಗಳ ಮೇಲೆ ಒತ್ತಡ ಬೀಳುವ ಅಥವಾ ಮತ್ತೆ ಅಪಾಯ ಆಗುವ ಭಯ ಇದ್ದಾಗ ಮಾತ್ರ ಹಾಗೆ ಮಾಡಬಹುದು. ಮೊದಲ 30 ದಿನ ಅರ್ಧ ಸಂಬಳ, ಆಮೇಲೆ ಪೂರ್ತಿ. ತಡ ಮಾಡಿದರೆ ಕಂಪನಿಗೂ ಹೊರೆಯಾಗಲಿ ಎಂದೇ ಹೀಗೆ ಇಟ್ಟಿದ್ದೇವೆ. ಆರೋಪ ಸಾಬೀತಾಗದಿದ್ದರೆ ಉಳಿದ ಅರ್ಧವೂ ಮುಂದಿನ ಸಂಬಳದ ಜೊತೆ ಬರುತ್ತದೆ.

5.9 ಮೇಲ್ಮನವಿ

ಆದೇಶ ಕೈಗೆ ಬಂದ 7 ಕೆಲಸದ ದಿನದೊಳಗೆ ಜನರಲ್ ಮ್ಯಾನೇಜರ್‌ಗೆ ಮೇಲ್ಮನವಿ ಸಲ್ಲಿಸಬಹುದು. ಆದೇಶ ಕೊಟ್ಟವರು ಅವರೇ ಆಗಿದ್ದರೆ ನಿರ್ದೇಶಕರಿಗೆ. 15 ದಿನದಲ್ಲಿ ತೀರ್ಮಾನ ಬರುತ್ತದೆ. ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆ ಆಗಬಹುದು ಅಥವಾ ಹಾಗೇ ಉಳಿಯಬಹುದು. ಹೆಚ್ಚಾಗುವುದಿಲ್ಲ. ಕಾನೂನಿನಲ್ಲಿ ನಿಮಗಿರುವ ಬೇರೆ ಹಕ್ಕುಗಳನ್ನು ಈ ಅಧ್ಯಾಯ ಕಿತ್ತುಕೊಳ್ಳುವುದಿಲ್ಲ.

5.10 ದೂರು ಕೊಟ್ಟವರ ರಕ್ಷಣೆ

ದೂರು ಕೊಟ್ಟಿದ್ದಕ್ಕೆ, ಸಾಕ್ಷಿ ಹೇಳಿದ್ದಕ್ಕೆ ಯಾರನ್ನೂ ಶಿಫ್ಟ್ ಬದಲಿಸಿ, ಓವರ್‌ಟೈಮ್ ತಪ್ಪಿಸಿ, ಮಾತು ಬಿಟ್ಟು ಕಾಡುವಂತಿಲ್ಲ. ಹಾಗೆ ಮಾಡುವುದೂ 5.7ರ ಗಂಭೀರ ತಪ್ಪೇ. ಸಾಬೀತಾಗದ ದೂರು ಸುಳ್ಳು ದೂರಲ್ಲ. ಗೊತ್ತಿದ್ದೂ ಸುಳ್ಳು ಕಟ್ಟಿದ್ದು ಪ್ರತ್ಯೇಕ ವಿಚಾರಣೆಯಲ್ಲಿ ರುಜುವಾದರೆ ಮಾತ್ರ ದೂರುದಾರರ ಮೇಲೆ ಕ್ರಮ.

5.11 ಸಹಿ

ಎಚ್ಚರಿಕೆ ಪತ್ರಕ್ಕೆ ಅಥವಾ ನೋಟಿಸ್‌ಗೆ ಸಹಿ ಹಾಕಿದರೆ ‘ಪತ್ರ ನನ್ನ ಕೈ ಸೇರಿದೆ’ ಎಂದಷ್ಟೇ ಅರ್ಥ. ‘ತಪ್ಪು ಒಪ್ಪಿದ್ದೇನೆ’ ಎಂದಲ್ಲ. ಬೇಕಿದ್ದರೆ ಸಹಿಯ ಪಕ್ಕದಲ್ಲೇ ‘ಒಪ್ಪಿಗೆ ಇಲ್ಲ’ ಎಂದು ಬರೆಯಿರಿ. ಸಹಿ ಹಾಕಲು ನಿರಾಕರಿಸಿದರೆ ಇಬ್ಬರು ಸಾಕ್ಷಿಗಳ ಎದುರು ಪತ್ರವನ್ನು ಓದಿ ಹೇಳಿ, ಹಾಗೆಂದು ದಾಖಲಿಸುತ್ತೇವೆ. ನಿಮ್ಮ ಕಡತವನ್ನು ನೀವು ಯಾವ ಕೆಲಸದ ದಿನವಾದರೂ ಎಚ್‌ಆರ್ ಕೋಣೆಯಲ್ಲಿ ಕೂತು ಓದಬಹುದು.