ಎಂಟನೇ ತರಗತಿ, ಪ್ರಥಮ ಭಾಷೆ ಕನ್ನಡ: ಕ್ರಿಯಾಪದದ ಕಾಲಗಳು, ಉತ್ತರ ಮತ್ತು ವಿವರಣೆ

ಮಕ್ಕಳೇ,

ಶುಕ್ರವಾರ ಕೊಟ್ಟ ಅಭ್ಯಾಸ ಹಾಳೆಯನ್ನು ತಿದ್ದಿದ್ದೇನೆ. ಸರಿ ಉತ್ತರ ಯಾವುದು ಅಂತ ಬೋರ್ಡ್ ಮೇಲೆ ಆರು ಅಕ್ಷರ ಬರೆದುಬಿಟ್ಟರೆ ನೀವು ಸುಮ್ನೆ ಟಿಕ್ ಹಾಕಿಕೊಂಡು ಹಾಳೆ ಮಡಚಿಡುತ್ತೀರಿ. ಅದರಿಂದ ಏನೂ ಉಪಯೋಗವಿಲ್ಲ. ಹಾಗಾಗಿ ಉಳಿದ ಮೂರು ಆಯ್ಕೆಗಳು ಯಾಕೆ ಆಗಲ್ಲ ಅನ್ನೋದನ್ನೂ ಬರೆದಿದ್ದೇನೆ.

ಒಂದು ಮಾತು ನೆನಪಿರಲಿ. ಐದನೇ ಪ್ರಶ್ನೆಯ ಒಂದು ಆಯ್ಕೆ ಬಿಟ್ಟರೆ, ಈ ಹಾಳೆಯಲ್ಲಿರುವ ತಪ್ಪು ಆಯ್ಕೆಗಳೆಲ್ಲ ಒಳ್ಳೆಯ ಕನ್ನಡವೇ. ಬೇರೆ ವಾಕ್ಯದಲ್ಲಿ ಅವೇ ಸರಿ ಉತ್ತರ. ಈ ವಾಕ್ಯದ ಯಾವ ಪದ ಅದನ್ನು ಬೇಡ ಅನ್ನುತ್ತಿದೆ ಅಂತ ಹುಡುಕಬೇಕು. ಆ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ.

1. ನಿನ್ನೆ ಸಂಜೆ ಅಪ್ಪ ಟೊಮೆಟೊ ಮಂಡಿಯಿಂದ ತಡವಾಗಿ ______.
(ಅ) ಬರುತ್ತಾರೆ (ಆ) ಬಂದರು (ಇ) ಬರುವರು (ಈ) ಬಂದಾರು

ಉತ್ತರ: ಆ. ಬರು + ದ + ಅರು = ಬಂದರು. ಇಲ್ಲಿ ಗೆರೆ ಎಳೆಯಬೇಕಾದ ಪದ ‘ನಿನ್ನೆ’. ‘ಬರುತ್ತಾರೆ’ ಅಂದರೆ ವರ್ತಮಾನ, ‘ಉತ್ತ’ ಪ್ರತ್ಯಯ ಕಾಣುತ್ತಿದೆ. ‘ನಿನ್ನೆ’ ತೆಗೆದು ‘ದಿನಾ’ ಹಾಕಿದರೆ ಅದೇ ಸರಿ. ‘ಬರುವರು’ ಭವಿಷ್ಯತ್, ಇನ್ನೂ ಬಂದಿಲ್ಲ. ‘ಬಂದಾರು’ ಅಂದರೆ ಬಂದರೂ ಬರಬಹುದು ಅನ್ನುವ ಊಹೆ, ಅಂದರೆ ಸಂಭಾವನಾರ್ಥಕ. ನಿನ್ನೆಯೇ ಬಂದು ಊಟ ಮಾಡಿ ಮಲಗಿದವರ ಬಗ್ಗೆ ಊಹೆ ಯಾಕೆ? ಇದನ್ನು ಹೆಚ್ಚಿನವರು ಸರಿ ಬರೆದಿದ್ದೀರಿ.

2. ಅಗೋ ನೋಡು, ಅಕ್ಕ ಇನ್ನೂ ಹಿಪ್ಪುನೇರಳೆ ಸೊಪ್ಪು ______.
(ಅ) ಕೊಯ್ದಳು (ಆ) ಕೊಯ್ಯುತ್ತಿದೆ (ಇ) ಕೊಯ್ಯುತ್ತಿದ್ದಾಳೆ (ಈ) ಕೊಯ್ಯುತ್ತಿದ್ದಳು

ಉತ್ತರ: ಇ. ‘ಅಗೋ ನೋಡು’ ಅಂದರೆ ಕೆಲಸ ಕಣ್ಣೆದುರಿಗೇ ನಡೆಯುತ್ತಿದೆ. ‘ಇನ್ನೂ’ ಅಂದರೆ ಮುಗಿದಿಲ್ಲ. ‘ಕೊಯ್ದಳು’ ಅಂದರೆ ಮುಗಿಯಿತು, ಹಾಗಾಗಿ ‘ಇನ್ನೂ’ ಜೊತೆ ನಿಲ್ಲುವುದಿಲ್ಲ. ‘ಕೊಯ್ಯುತ್ತಿದ್ದಳು’ ಕೂಡ ನಡೆಯುತ್ತಿದ್ದ ಕೆಲಸವೇ, ಆದರೆ ಅದು ಹಿಂದೆ ಯಾವಾಗಲೋ. ‘ದ್ದಾಳೆ’, ‘ದ್ದಳು’ ಇವೆರಡನ್ನೂ ಬಾಯಿಬಿಟ್ಟು ಹೇಳಿ ನೋಡಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

ಈಗ ‘ಕೊಯ್ಯುತ್ತಿದೆ’. ಇದನ್ನು ಬರೆದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುತ್ತೀರಿ. ನಮ್ಮ ಶ್ರೀನಿವಾಸಪುರದ ಕಡೆ ಅದು ಸಹಜ. ತೆಲುಗಿನಲ್ಲಿ ‘ಅಕ್ಕ ವಚ್ಚಿಂದಿ’, ‘ಆವು ವಚ್ಚಿಂದಿ’, ಎರಡಕ್ಕೂ ಒಂದೇ ಕ್ರಿಯಾಪದ. ಅಲ್ಲಿ ಅದು ತಪ್ಪೇ ಅಲ್ಲ. ಕನ್ನಡದಲ್ಲಿ ಮಾತ್ರ ಅಕ್ಕ ‘ಬಂದಳು’, ಹಸು ‘ಬಂದಿತು’. ಹೆಂಗಸರಿಗೆ ಬೇರೆ ಪ್ರತ್ಯಯ ಇದೆ: ಆಳೆ, ಅಳು. ‘ಕೊಯ್ಯುತ್ತಿದೆ’ ಅನ್ನುವುದರಲ್ಲಿ ಕಾಲ ಸರಿಯಾಗಿಯೇ ಇದೆ, ಲಿಂಗ ತಪ್ಪಿದೆ. ಎರಡು ಭಾಷೆ ಬರುವುದು ನಿಮಗೆ ಲಾಭ. ಎರಡರ ದಾರಿ ಎಲ್ಲಿ ಕವಲೊಡೆಯುತ್ತದೆ ಅಂತ ಗೊತ್ತಿದ್ದರೆ ಸಾಕು.

3. 2001ರಲ್ಲಿ ಕೋಲಾರದ ಚಿನ್ನದ ಗಣಿ ______.
(ಅ) ಮುಚ್ಚೀತು (ಆ) ಮುಚ್ಚುವುದು (ಇ) ಮುಚ್ಚಿತು (ಈ) ಮುಚ್ಚುತ್ತದೆ

6. ಮೋಡ ಕವಿದಿದೆ, ಬಹುಶಃ ರಾತ್ರಿ ಮಳೆ ______.
(ಅ) ಬಂದಿತು (ಆ) ಬಂದೀತು (ಇ) ಬಾರದು (ಈ) ಬರಲಿ

ಈ ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಅತಿ ಜಾಸ್ತಿ ತಪ್ಪಾಗಿರುವುದು ಇಲ್ಲೇ. ಕಾರಣವೂ ಒಂದೇ: ಒಂದು ದೀರ್ಘ.

ಮೂರಕ್ಕೆ ಉತ್ತರ ಇ, ‘ಮುಚ್ಚಿತು’. ಆರಕ್ಕೆ ಉತ್ತರ ಆ, ‘ಬಂದೀತು’. ಗುಡಿಸು ಮಾತ್ರ ಇದ್ದರೆ ಆಗಿಹೋದ ಸಂಗತಿ. ಅದರ ಪಕ್ಕ ದೀರ್ಘ ಬಂದರೆ ಆಗಬಹುದು ಅನ್ನುವ ಊಹೆ. ‘ಮಳೆ ಬಂದಿತು’ ಅಂದರೆ ನೆಲ ಒದ್ದೆಯಾಗಿದೆ. ‘ಮಳೆ ಬಂದೀತು’ ಅಂದರೆ ಇನ್ನೂ ಮೇಲೆ ನೋಡುತ್ತಾ ನಿಂತಿದ್ದೇವೆ. ನಮ್ಮ ಜಿಲ್ಲೆಯ ರೈತನಿಗೆ ಈ ಎರಡರ ನಡುವಿನ ಅಂತರ ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಅಲ್ವಾ? ಒಬ್ಬ ಹುಡುಗ ‘ಬಂದಿತು’ ಅಂತ ಬರೆದು, ಅನುಮಾನ ಬಂದು ಮೇಲೆ ಸಣ್ಣದಾಗಿ ದೀರ್ಘ ಸೇರಿಸಿದ್ದಾನೆ. ಅವನು ಮನಸ್ಸಿನಲ್ಲಿ ವಾಕ್ಯವನ್ನು ಓದಿಕೊಂಡಿದ್ದಾನೆ ಅಂತ ಆ ದೀರ್ಘ ನೋಡಿ ಖುಷಿಯಾಯಿತು.

ಉಳಿದವು: ಮೂರರಲ್ಲಿ ‘ಮುಚ್ಚೀತು’ ಊಹೆ. 2001 ಕಳೆದು ಇಷ್ಟು ವರ್ಷವಾದ ಮೇಲೆ ಊಹೆಗೆ ಜಾಗವಿಲ್ಲ. ‘ಮುಚ್ಚುವುದು’ ಭವಿಷ್ಯತ್. ‘ಮುಚ್ಚುತ್ತದೆ’ ವರ್ತಮಾನ, ಅಂಗಡಿ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ ಅನ್ನಬಹುದು, ಅದು ದಿನಾ ಮುಚ್ಚುತ್ತದೆ. ಗಣಿ ಮುಚ್ಚಿದ್ದು ಒಂದೇ ಸಲ. ಆರರಲ್ಲಿ ‘ಬಂದಿತು’ ಬರೆದರೆ ‘ಬಹುಶಃ’ ಸುಮ್ನೆ ಕೂರುವುದಿಲ್ಲ, ತಕರಾರು ತೆಗೆಯುತ್ತದೆ. ‘ಬರಲಿ’ ವಿಧ್ಯರ್ಥಕ, ಬೇಡಿಕೆ. ಬೇಡಿಕೊಳ್ಳುವವರು ‘ಬಹುಶಃ’ ಅನ್ನುವುದಿಲ್ಲ. ‘ಬಾರದು’ ನಿಷೇಧಾರ್ಥಕ. ಆಕಾಶ ತಿಳಿಯಾಗಿದೆ ಅಂತ ವಾಕ್ಯ ಶುರುವಾಗಿದ್ದರೆ ಅದನ್ನು ಒಪ್ಪುತ್ತಿದ್ದೆ. ಇಲ್ಲಿ ಮೋಡ ಕವಿದಿದೆ.

4. ನಾಳೆ ನಾವೆಲ್ಲ ಅಂತರಗಂಗೆ ಬೆಟ್ಟಕ್ಕೆ ______.
(ಅ) ಹೋಗುತ್ತೇವೆ (ಆ) ಹೋದೆವು (ಇ) ಹೋಗುವೆವು (ಈ) ಹೋಗುವೆನು

ಉತ್ತರ ಇ ಅಂತ ಮೊದಲು ಗುರುತು ಹಾಕಿಕೊಂಡಿದ್ದೆ. ಹೋಗು + ಉವ + ಎವು. ‘ಹೋದೆವು’ ಭೂತಕಾಲ, ‘ನಾಳೆ’ಗೆ ಹೊಂದುವುದಿಲ್ಲ. ‘ಹೋಗುವೆನು’ ಅನ್ನುವುದರಲ್ಲಿ ಕಾಲ ಸರಿ, ವಚನ ತಪ್ಪು. ‘ನಾವೆಲ್ಲ’ ಅಂದಮೇಲೆ ಒಬ್ಬರೇ ಬೆಟ್ಟ ಹತ್ತುವ ಹಾಗಿಲ್ಲ.

‘ಹೋಗುತ್ತೇವೆ’ ಬರೆದ ಒಬ್ಬ ಹುಡುಗಿ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಹಾಳೆ ಹಿಡಿದು ನಿಂತಿದ್ದಳು. ‘ಮೇಡಂ, ನಾಳೆ ಟೆಸ್ಟ್ ಕೊಡ್ತೀನಿ ಅಂತ ನೀವೇ ಹೇಳ್ತೀರಲ್ಲ, ನಾಳೆ ಕೊಡುವೆನು ಅಂತ ಯಾವತ್ತೂ ಹೇಳಲ್ಲ’ ಅಂದಳು. ಅವಳ ಮಾತು ಪೂರ್ತಿ ಸರಿ. ಮುಂದೆ ಆಗುವುದನ್ನು ವರ್ತಮಾನದ ರೂಪದಲ್ಲಿ ಹೇಳುವುದು ಕನ್ನಡದ ರೂಢಿ. ವ್ಯಾಕರಣದಲ್ಲಿ ಅದಕ್ಕೆ ಕಾಲಪಲ್ಲಟ ಅನ್ನುತ್ತಾರೆ. ನಾನು ಹಾಳೆಯಲ್ಲಿ ‘ಸರಿಯಾದ ಕ್ರಿಯಾಪದ ಆರಿಸಿ’ ಅಂತಷ್ಟೇ ಬರೆದಿದ್ದೆ. ಆ ಮಾತಿಗೆ ‘ಹೋಗುತ್ತೇವೆ’ ಸರಿಯಾದ ಉತ್ತರವೇ. ‘ಭವಿಷ್ಯತ್ ಕಾಲದ ರೂಪ ಬರೆಯಿರಿ’ ಅಂತ ಕೇಳಿದಾಗ ಮಾತ್ರ ‘ಉವ’ ಇರುವ ‘ಹೋಗುವೆವು’ ಒಂದೇ ಉತ್ತರ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಎರಡು ಸಲ ಓದಿ.

5. ‘ಕೊಡು’ ಧಾತುವಿನ ಭೂತಕಾಲ, ಪ್ರಥಮಪುರುಷ, ಪುಲ್ಲಿಂಗ, ಏಕವಚನ ರೂಪ:
(ಅ) ಕೊಡಿದನು (ಆ) ಕೊಡನು (ಇ) ಕೊಟ್ಟಾನು (ಈ) ಕೊಟ್ಟನು

ಉತ್ತರ: ಈ. ‘ಕೊಡನು’ ಅಂದರೆ ಕೊಡುವುದಿಲ್ಲ, ನಿಷೇಧ. ‘ಕೊಟ್ಟಾನು’ ಮತ್ತೆ ಊಹೆ.

‘ಕೊಡಿದನು’ ಬರೆದವರು ‘ಮಾಡು, ಮಾಡಿದನು’ ನೋಡಿ ಅದೇ ಅಚ್ಚಿಗೆ ಹಾಕಿದ್ದೀರಿ. ಯೋಚನೆ ಚೆನ್ನಾಗಿದೆ, ಆದರೆ ಅಂಥ ರೂಪ ಕನ್ನಡದಲ್ಲಿ ಇಲ್ಲ. ಗುರುತು ಹೀಗಿದೆ. ‘ಡು’ವಿನಲ್ಲಿ ಮುಗಿಯುವ ಎರಡಕ್ಷರದ ಧಾತುವಿನ ಮೊದಲ ಅಕ್ಷರ ಗಿಡ್ಡವಾಗಿದ್ದರೆ ‘ಟ್ಟ’ ಬರುತ್ತದೆ: ಕೊಡು ಕೊಟ್ಟನು, ಇಡು ಇಟ್ಟನು, ನೆಡು ನೆಟ್ಟನು, ಸುಡು ಸುಟ್ಟನು. ಉದ್ದವಾಗಿದ್ದರೆ ‘ಡಿದ’: ಮಾಡಿದನು, ಓಡಿದನು, ನೋಡಿದನು, ಬೇಡಿದನು. ಇದನ್ನು ನೋಟ್ಸಿನ ಕೊನೆ ಪುಟದಲ್ಲಿ ಬರೆದುಕೊಳ್ಳಿ.

ನಾಲ್ಕನೇ ಪ್ರಶ್ನೆಗೆ ‘ಅ’ ಬರೆದವರೆಲ್ಲ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹಾಳೆ ತನ್ನಿ. ಒಂದು ಅಂಕ ಸೇರಿಸಿ ಸಹಿ ಹಾಕಿಕೊಡುತ್ತೇನೆ.