ಬ್ಲಾಕ್ 6, ಕೋಡಿಯಿಲ್ಲದ ಭಾಗ: ಉರುಳುವಿಕೆ ಮತ್ತು ಜಾರುವಿಕೆಯ ಪರಿಶೀಲನಾ ಲೆಕ್ಕ

ಕಡತಕ್ಕೆ ಸೇರಿಸುವ ಟಿಪ್ಪಣಿ. ವಿನ್ಯಾಸ ವಿಭಾಗದಿಂದ ಬಂದ ಮೊದಲ ಕರಡನ್ನು ಬದಿಗಿಟ್ಟು ಲೆಕ್ಕವನ್ನು ಹೊಸದಾಗಿ ಮಾಡಿದ್ದೇನೆ. ಆಧಾರ ಐಎಸ್ 6512, 1984ರ ಆವೃತ್ತಿ. ಭೂಕಂಪದ ಬಲ ಇದರಲ್ಲಿಲ್ಲ. ಆ ಲೆಕ್ಕಕ್ಕೆ ಬೇರೆ ಹಾಳೆ ಇದೆ.

ಛೇದ ಮತ್ತು ಆಧಾರ ಅಂಕಿಗಳು

ಬ್ಲಾಕ್ 6 ಹೊಳೆಯ ಪಾತ್ರದಲ್ಲಿದೆ, ಕೋಡಿಯ ಎಡ ಮಗ್ಗುಲಿಗೆ. ಬುಡದಿಂದ ತುದಿಗೆ 30 ಮೀಟರ್. ತುದಿಯ ಅಗಲ 5 ಮೀಟರ್, ಬುಡದ ಅಗಲ 23 ಮೀಟರ್. ನೀರಿನ ಕಡೆಯ ಮುಖ ನೆಟ್ಟಗಿದೆ. ಕೆಳಕಡೆಯ ಮುಖ ತುದಿಯಿಂದ 7.5 ಮೀಟರ್ ನೇರ ಇಳಿದು, ಅಲ್ಲಿಂದ ಟೋ ತನಕ ಪ್ರತಿ ಮೀಟರ್ ಇಳಿತಕ್ಕೆ 0.8 ಮೀಟರ್‌ನಂತೆ ಹೊರಚಾಚುತ್ತದೆ. ಪೂರ್ಣ ಮಟ್ಟದಲ್ಲಿ ನೀರಿನ ಆಳ 28 ಮೀಟರ್, ಮಹಾಪೂರದಲ್ಲಿ 29. ಬೇಸಿಗೆಯಲ್ಲಿ ಹೊಳೆ ಬತ್ತುವುದರಿಂದ ಕೆಳಪಾತ್ರದ ನೀರು ಸೊನ್ನೆ. ಪೂರದಲ್ಲಿ 3 ಮೀಟರ್. ಹೂಳು ಬುಡದಿಂದ 6 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ ಎಂದು ಹಿಡಿದಿದೆ. ಡ್ರೇನ್ ಸಾಲು ಹೀಲ್‌ನಿಂದ 3 ಮೀಟರ್ ಒಳಗೆ.

ಕಾಂಕ್ರೀಟಿನ ತೂಕ ಘನ ಮೀಟರಿಗೆ 24 ಕಿಲೋನ್ಯೂಟನ್, ನೀರಿನದು 9.81. ಬುಡ ಮತ್ತು ಬಂಡೆ ಕೂಡುವಲ್ಲಿ ಘರ್ಷಣಾ ಕೋನ 38 ಡಿಗ್ರಿ, ಅಂಟುಬಲ ಚದರ ಮೀಟರಿಗೆ 150 ಕಿಲೋನ್ಯೂಟನ್. ಈ ಕೊನೆಯ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇದು ಈ ಬಂಡೆಯಲ್ಲಿ ಪರೀಕ್ಷೆ ಮಾಡಿ ಪಡೆದದ್ದಲ್ಲ, ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು ನೋಡಿ ಅಂದಾಜು ಮಾಡಿದ್ದು.

ಮುಂದಿನ ಲೆಕ್ಕವೆಲ್ಲ ಅಣೆಕಟ್ಟಿನ ಒಂದು ಮೀಟರ್ ಉದ್ದಕ್ಕೆ. ಮೊಮೆಂಟ್‌ಗಳನ್ನೆಲ್ಲ ಟೋ ಬಿಂದುವಿನ ಸುತ್ತ ತೆಗೆದಿದೆ.

ಸ್ವಂತ ತೂಕ

```
W1 = 5 x 30 x 24         = 3600 kN   x 20.5 = 73800 kN.m
W2 = 1/2 x 18 x 22.5 x 24 = 4860 kN  x 12.0 = 58320 kN.m
W  = 8460 kN             M = 132120 kN.m
```

ಅಣೆಕಟ್ಟಿನ ಕೈಲಿರುವ ಬಂಡವಾಳ ಇಷ್ಟೇ. ಮಿಕ್ಕ ಬಲಗಳಲ್ಲಿ, ಪೂರದ ಕಾಲದ ಕೆಳಪಾತ್ರದ ನೀರಿನ ಅಲ್ಪ ನೆರವನ್ನು ಬಿಟ್ಟರೆ, ಎಲ್ಲವೂ ಖರ್ಚಿನ ಬಾಬ್ತು.

ನೀರು ಮತ್ತು ಹೂಳಿನ ತಳ್ಳುವಿಕೆ

ಪೂರ್ಣ ಮಟ್ಟದಲ್ಲಿ ನೀರಿನ ಬಲ 3845.5 ಕಿಲೋನ್ಯೂಟನ್, ಮೊಮೆಂಟ್ 35,891.5. ಪೂರದಲ್ಲಿ ಇವು 4125.1 ಮತ್ತು 39,876.0 ಆಗುತ್ತವೆ. ನೀರು ಏರಿದ್ದು ಒಂದೇ ಮೀಟರ್; ಮೊಮೆಂಟ್ ಶೇಕಡಾ 11ರಷ್ಟು ಏರಿತು. ಆಳದ ಘನಕ್ಕೆ ತಕ್ಕಂತೆ ಮೊಮೆಂಟ್ ಬೆಳೆಯುವುದರಿಂದ ಕೊನೆಯ ಮೀಟರೇ ದುಬಾರಿ.

ಹೂಳಿನ ವಿಷಯದಲ್ಲಿ ಮೊದಲ ಕರಡು ಎಡವಿತ್ತು. ಅಡ್ಡ ಒತ್ತಡಕ್ಕೆ ಹೂಳನ್ನು ಘನ ಮೀಟರಿಗೆ 1360 ಕಿಲೋಗ್ರಾಂ ತೂಗುವ ದ್ರವವೆಂದು ಭಾವಿಸಬೇಕು ಎಂದು ಸಂಹಿತೆ ಹೇಳುತ್ತದೆ, ಆದರೆ ಆ ಅಂಕಿಯೊಳಗೆ ನೀರೂ ಸೇರಿದೆ. ನೀರಿನ ಬಲವನ್ನು ಬುಡದ ತನಕ ಒಮ್ಮೆ ಲೆಕ್ಕ ಹಾಕಿದ ಮೇಲೆ ಉಳಿಯುವುದು 360 ಮಾತ್ರ, ಅಂದರೆ 3.53 ಕಿಲೋನ್ಯೂಟನ್. ಅದರಿಂದ ಹೂಳಿನ ಬಲ 63.6 ಕಿಲೋನ್ಯೂಟನ್, ಮೊಮೆಂಟ್ 127.1. ಕರಡಿನಲ್ಲಿ 1360ನ್ನು ಇಡಿಯಾಗಿ ಸೇರಿಸಿ 240 ಬರೆದಿದ್ದರು. ತಪ್ಪು ಸುರಕ್ಷತೆಯ ಕಡೆಗೇ ವಾಲಿತ್ತು, ನಿಜ. ಆದರೂ ಎರಡು ಬಾರಿ ಎಣಿಸಿದ ನೀರನ್ನು ಮುನ್ನೆಚ್ಚರಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಪೂರದ ಕಾಲದಲ್ಲಿ ಕೆಳಪಾತ್ರದ 3 ಮೀಟರ್ ನೀರು 44.1 ಕಿಲೋನ್ಯೂಟನ್‌ನಷ್ಟು ಹಿಂದಕ್ಕೆ ತಳ್ಳುತ್ತದೆ, ಇಳಿಜಾರಿನ ಮೇಲೆ ಕುಳಿತು 35.3 ಕಿಲೋನ್ಯೂಟನ್ ತೂಕವನ್ನೂ ಕೊಡುತ್ತದೆ. ಎರಡರ ಮೊಮೆಂಟ್ ಕೂಡಿದರೆ 72.4.

ಬುಡದಡಿಯ ಮೇಲೊತ್ತಡ

ಡ್ರೇನ್‌ಗಳು ಕೆಲಸ ಮಾಡುತ್ತಿದ್ದರೆ, ಹೀಲ್‌ನಲ್ಲಿ ಜಲಾಶಯದ ಪೂರ್ಣ ಒತ್ತಡ, ಟೋ ಬಳಿ ಕೆಳಪಾತ್ರದ ಒತ್ತಡ, ಡ್ರೇನ್ ಸಾಲಿನಲ್ಲಿ ಕೆಳಪಾತ್ರದ ಒತ್ತಡಕ್ಕೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿದಷ್ಟು. ಡ್ರೇನ್‌ಗಳು ಕಟ್ಟಿಕೊಂಡರೆ ಹೀಲ್‌ನಿಂದ ಟೋ ತನಕ ಒಂದೇ ನೇರ ಗೆರೆ. ಪೂರ್ಣ ಮಟ್ಟದ ಸ್ಥಿತಿಯ ಲೆಕ್ಕವನ್ನು ಬಿಡಿಸಿ ಬರೆಯುತ್ತೇನೆ, ಮಿಕ್ಕವು ಇದೇ ದಾರಿಯಲ್ಲಿ ಬಂದಿವೆ:

```
p(heel)  = 28 x 9.81 = 274.68 kN/m2
p(drain) = 274.68/3  = 91.56 kN/m2
U1 = 91.56 x 3              = 274.7 x 21.50 = 5905.6
U2 = 1/2 x 183.12 x 3       = 274.7 x 22.00 = 6043.0
U3 = 1/2 x 91.56 x 20       = 915.6 x 13.33 = 12208.0
U  = 1465.0 kN              M = 24156.6 kN.m
```

ಪೂರದಲ್ಲಿ, ಡ್ರೇನ್‌ಗಳು ತೆರೆದಿದ್ದಾಗ, ಮೇಲೊತ್ತಡ 2037.2 ಕಿಲೋನ್ಯೂಟನ್, ಮೊಮೆಂಟ್ 30,215.3. ಅದೇ ಪೂರದಲ್ಲಿ ಡ್ರೇನ್‌ಗಳು ಕಟ್ಟಿಕೊಂಡರೆ 3610.1 ಮತ್ತು 52,759.8. ಆಗ ಕಾಂಕ್ರೀಟಿನ ತೂಕದ ಶೇಕಡಾ 43ರಷ್ಟನ್ನು ಕಣ್ಣಿಗೆ ಕಾಣದ ನೀರು ಕೆಳಗಿನಿಂದ ಎತ್ತಿಬಿಡುತ್ತದೆ. ಆ ಸ್ಥಿತಿಯಲ್ಲಿ ನೀರು ಮುಂದಕ್ಕೆ ಒತ್ತಿ ಹುಟ್ಟಿಸುವ ಮೊಮೆಂಟ್‌ಗಿಂತ ಮೇಲಕ್ಕೆ ಒತ್ತಿ ಹುಟ್ಟಿಸುವ ಮೊಮೆಂಟ್ ದೊಡ್ಡದು.

ಫ್ರಾನ್ಸಿನ ಬೂಜೆ ಅಣೆಕಟ್ಟನ್ನು ಕಟ್ಟಿದವರ ಲೆಕ್ಕದಲ್ಲಿ ಈ ಸಾಲೇ ಇರಲಿಲ್ಲ. 1884ರಲ್ಲಿ ಅದರ ಒಂದು ಭಾಗ ಸುಮಾರು ಒಂದಡಿ ಮುಂದಕ್ಕೆ ಜಾರಿತು. ದುರಸ್ತಿ ಮಾಡಿ ಮತ್ತೆ ನೀರು ತುಂಬಿಸಿದರು. 1895ರ ಏಪ್ರಿಲ್ 27ರಂದು ಗೋಡೆಯ ಮೇಲ್ಭಾಗ ಮುರಿದು 80ಕ್ಕೂ ಹೆಚ್ಚು ಜನ ಸತ್ತರು. ಮುರಿದದ್ದು ಬುಡದಲ್ಲಲ್ಲ, ಮೇಲೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಮೇಲಿನ ಒಂದು ಮಟ್ಟವನ್ನೂ ನೋಡಿದ್ದೇನೆ.

ಉರುಳುವಿಕೆ

ಸಂಹಿತೆಯ ಮೂರು ಸಂಯೋಜನೆಗಳನ್ನು ತೆಗೆದುಕೊಂಡಿದೆ. ಬಿ ಎಂದರೆ ಪೂರ್ಣ ಮಟ್ಟ, ಸಿ ಎಂದರೆ ಪೂರ, ಎಫ್ ಎಂದರೆ ಪೂರದ ಜೊತೆಗೆ ಕಟ್ಟಿಕೊಂಡ ಡ್ರೇನ್.

| | ಬಿ | ಸಿ | ಎಫ್ |
|---|---|---|---|
| ನಿವ್ವಳ ಲಂಬ ಬಲ, ಕಿಲೋನ್ಯೂಟನ್ | 6995.0 | 6458.1 | 4885.2 |
| ನಿವ್ವಳ ಅಡ್ಡ ಬಲ, ಕಿಲೋನ್ಯೂಟನ್ | 3909.1 | 4144.5 | 4144.5 |
| ತಡೆಯುವ ಮೊಮೆಂಟ್ | 1,32,120 | 1,32,192 | 1,32,192 |
| ಉರುಳಿಸುವ ಮೊಮೆಂಟ್ | 60,175 | 70,218 | 92,763 |
| ಉರುಳುವಿಕೆಯ ಸುರಕ್ಷತಾಂಕ | 2.20 | 1.88 | 1.43 |
| ಕೇಂದ್ರದಿಂದ ಸರಿತ, ಮೀಟರ್ | 1.21 | 1.90 | 3.43 |
| ಟೋ ಬಳಿ ಲಂಬ ಒತ್ತಡ, ಕಿಲೋಪ್ಯಾಸ್ಕಲ್ | 400.5 | 420.2 | 402.4 |
| ಹೀಲ್ ಬಳಿ ಲಂಬ ಒತ್ತಡ, ಕಿಲೋಪ್ಯಾಸ್ಕಲ್ | 207.7 | 141.3 | 22.4 |

ಸರಿತದ ಮಿತಿ 23/6, ಅಂದರೆ 3.83 ಮೀಟರ್. ಮೂರೂ ಸ್ಥಿತಿಗಳಲ್ಲಿ ಬಲರೇಖೆ ಬುಡದ ನಡು ಮೂರನೇ ಭಾಗದೊಳಗೇ ಬೀಳುತ್ತದೆ, ಎಲ್ಲಿಯೂ ಎಳೆತವಿಲ್ಲ. ಉರುಳುವಿಕೆಯ ಸುರಕ್ಷತಾಂಕವನ್ನು ರೂಢಿಯಂತೆ ಬರೆದಿದ್ದೇನೆ, ನನಗೆ ಹೆಚ್ಚು ನಂಬಿಕೆ ಹೀಲ್‌ನ ಒತ್ತಡದ ಸಾಲಿನ ಮೇಲೆ. ಗ್ರಾವಿಟಿ ಅಣೆಕಟ್ಟು ಮಗುಚಿ ಬೀಳುವ ಮೊದಲು ಹೀಲ್ ಬಾಯಿ ಬಿಡುತ್ತದೆ, ಬಿರುಕಿಗೆ ನೀರು ನುಗ್ಗಿ ಮೇಲೊತ್ತಡ ಏರುತ್ತದೆ, ಆಮೇಲೆ ಈ ಕೋಷ್ಟಕವೇ ಸುಳ್ಳಾಗುತ್ತದೆ. ಎಫ್ ಸ್ಥಿತಿಯಲ್ಲಿ ಉಳಿದಿರುವ 22.4 ಕಿಲೋಪ್ಯಾಸ್ಕಲ್ ಎಂದರೆ ಸುಮಾರು 2.3 ಮೀಟರ್ ನೀರಿನ ಒತ್ತಡಕ್ಕೆ ಸಮ. ಅಷ್ಟೇ ಅಂತರ.

ಟೋ ಬಳಿ ಇಳಿಜಾರಿನ ಉದ್ದಕ್ಕೆ ಬರುವ ಗರಿಷ್ಠ ಒತ್ತಡ 700 ಕಿಲೋಪ್ಯಾಸ್ಕಲ್ ಮುಟ್ಟುವುದಿಲ್ಲ. ಕಾಂಕ್ರೀಟಿಗಾಗಲಿ ಬಂಡೆಗಾಗಲಿ ಇದು ಲೆಕ್ಕಕ್ಕಿಲ್ಲ.

ಮೇಲಿನ ಮಟ್ಟ: ಇಳಿಜಾರು ಆರಂಭವಾಗುವ ಕಡೆ ಅಗಲ 5 ಮೀಟರ್, ಮೇಲಿನ ತೂಕ 900 ಕಿಲೋನ್ಯೂಟನ್, ಪೂರದಲ್ಲಿ ನೀರಿನ ಆಳ 6.5 ಮೀಟರ್. ಅಡ್ಡ ಬಲ 207.2. ಡ್ರೇನ್ ಇಲ್ಲವೆಂದೇ ಹಿಡಿದರೆ ಮೇಲೊತ್ತಡ 159.4. ಸರಿತ 0.79 ಮೀಟರ್, ಮಿತಿ 0.83. ಎಳೆತವಿಲ್ಲ, ಆದರೆ ಕೂದಲೆಳೆಯ ಅಂತರದಲ್ಲಿ. ತುದಿಯ ಅಗಲವನ್ನು 4.5ಕ್ಕೆ ಇಳಿಸಿ ಕಾಂಕ್ರೀಟ್ ಉಳಿಸುವ ಸಲಹೆಯನ್ನು ಈ ಕಾರಣಕ್ಕೆ ಒಪ್ಪಿಲ್ಲ.

ಜಾರುವಿಕೆ

```
F = [ (W - U) tan(phi) / Fphi + c A / Fc ] / P    >= 1.0
tan 38 = 0.7813,  A = 23 m2
B, C : Fphi = 1.5, Fc = 3.6
F    : Fphi = 1.0, Fc = 1.2
```

ಬಿ ಸ್ಥಿತಿ: ಘರ್ಷಣೆಯಿಂದ 3643.5, ಅಂಟುಬಲದಿಂದ 958.3, ಕೂಡಿ 4601.8. ಅಡ್ಡ ಬಲ 3909.1. ಅನುಪಾತ 1.18.

ಸಿ ಸ್ಥಿತಿ: 3363.8 ಮತ್ತು 958.3, ಕೂಡಿ 4322.1. ಅಡ್ಡ ಬಲ 4144.5. ಅನುಪಾತ 1.04.

ಎಫ್ ಸ್ಥಿತಿ: 3816.8 ಮತ್ತು 2875.0, ಕೂಡಿ 6691.8. ಅನುಪಾತ 1.61.

ಮೊದಲ ನೋಟಕ್ಕೆ ಇದು ವಿಚಿತ್ರ. ಡ್ರೇನ್ ಕಟ್ಟಿಕೊಂಡರೆ ಅಣೆಕಟ್ಟು ಹೆಚ್ಚು ಭದ್ರವಾಗುವುದೇ? ಆಗುವುದಿಲ್ಲ. ಎಫ್ ಅಪರೂಪದ ಸ್ಥಿತಿಯಾದ್ದರಿಂದ ಸಂಹಿತೆ ಅಲ್ಲಿ ಅಂಶಗಳನ್ನು ಸಡಿಲಿಸುತ್ತದೆ, ಹಾಗಾಗಿ 1.61 ಮತ್ತು 1.04 ಒಂದೇ ತಕ್ಕಡಿಯಲ್ಲಿ ತೂಗಿದವಲ್ಲ. ಅಂಶಗಳನ್ನೂ ಅಂಟುಬಲವನ್ನೂ ಬದಿಗಿಟ್ಟು ಬರೀ ಘರ್ಷಣೆಯನ್ನು ನೋಡಿದರೆ ಬಿ 1.40, ಸಿ 1.22, ಎಫ್ 0.92. ಡ್ರೇನ್‌ಗಳು ಕಟ್ಟಿಕೊಂಡ ಪೂರದಲ್ಲಿ ಈ ಬ್ಲಾಕ್ ತನ್ನ ತೂಕದ ಬಲದಿಂದ ನಿಲ್ಲಲಾರದು, ಬಂಡೆಗೆ ಅಂಟಿಕೊಂಡು ನಿಲ್ಲಬೇಕು.

ನಿರ್ಣಾಯಕವಾದದ್ದು ಸಿ. ಅದರಲ್ಲಿ ಅನುಪಾತ 1.0 ಬರಲು ಬೇಕಾದ ಅಂಟುಬಲ:

```
c = (4144.5 - 3363.8) x 3.6 / 23 = 122.2 kN/m2
```

ನಾವು ಹಿಡಿದಿರುವುದು 150. ಅಂದಾಜಿನ ಅಂಕಿ ಐದರಲ್ಲೊಂದು ಭಾಗ ಕುಸಿದರೆ 120 ಆಗುತ್ತದೆ, ಛೇದ ಅನುತ್ತೀರ್ಣ. ತಮಾಷೆಯೆಂದರೆ, ಕರಡಿನ ಎರಡು ಬಾರಿ ಎಣಿಸಿದ ಹೂಳನ್ನು ಹಾಗೆಯೇ ಬಿಟ್ಟಿದ್ದರೆ ಸಿ ಅನುಪಾತ ಸರಿಯಾಗಿ 1.00 ಬರುತ್ತಿತ್ತು, ಎಲ್ಲರೂ ಹೂಳಿನ ಬಗ್ಗೆ ಚರ್ಚೆಗೆ ಕೂರುತ್ತಿದ್ದೆವು, ಅಂಟುಬಲವನ್ನು ಯಾರೂ ಕೇಳುತ್ತಿರಲಿಲ್ಲ.

ತೀರ್ಮಾನ ಮತ್ತು ಷರತ್ತು

ಉರುಳುವಿಕೆಗೆ ಛೇದ ಸುರಕ್ಷಿತ. ಜಾರುವಿಕೆಗೆ ಷರತ್ತಿನ ಮೇಲೆ ಮಾತ್ರ. ಅಡಿಪಾಯ ಅಗೆದು ಬಂಡೆ ತೆರೆದ ಮೇಲೆ, ಅದೇ ಜಾಗದಲ್ಲಿ ಕಾಂಕ್ರೀಟ್ ದಿಮ್ಮಿಗಳನ್ನು ಎರಕ ಹೊಯ್ದು ಅಡ್ಡ ತಳ್ಳಿ ಅಂಟುಬಲವನ್ನೂ ಕೋನವನ್ನೂ ಅಳೆಯಬೇಕು. ಪ್ರಯೋಗಾಲಯದ ಸಣ್ಣ ತುಂಡುಗಳ ಫಲಿತಾಂಶ ಸಾಲದು. ಬಂಡೆಯಲ್ಲಿ ಕೆಳಕಡೆಗೆ ಇಳಿಜಾರಾದ ಜೇಡಿ ತುಂಬಿದ ಸೀಳು ಕಂಡರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆ ಸೀಳಿನ ಮೇಲೆ ಬೇರೆ ಲೆಕ್ಕ ಬೇಕು.

ಅಳೆದ ಅಂಟುಬಲ 125ಕ್ಕಿಂತ ಕೆಳಗೆ ಬಂದರೆ ಮಾಡಬೇಕಾದ ಬದಲಾವಣೆ ಇದು: ನೀರಿನ ಕಡೆಯ ಮುಖಕ್ಕೆ ಬುಡದಿಂದ 15 ಮೀಟರ್ ಎತ್ತರದ ತನಕ ಹತ್ತಕ್ಕೆ ಒಂದರ ಓರೆ ಕೊಡುವುದು. ಬುಡ 24.5 ಮೀಟರ್ ಆಗುತ್ತದೆ. ಕಾಂಕ್ರೀಟ್ 270 ಕಿಲೋನ್ಯೂಟನ್ ಹೆಚ್ಚಿದರೆ, ಓರೆಯ ಮೇಲೆ ಕೂರುವ ನೀರು 316.4 ಕಿಲೋನ್ಯೂಟನ್ ತೂಕವನ್ನು ಬಿಟ್ಟಿಯಾಗಿ ಕೊಡುತ್ತದೆ. ಡ್ರೇನ್ ಸಾಲು ಇದ್ದಲ್ಲೇ ಇದ್ದರೆ ಮೇಲೊತ್ತಡ 299.2 ಹೆಚ್ಚುತ್ತದೆ. ನಿವ್ವಳ ಲಾಭ 287.2. ಆಗ ಸಿ ಸ್ಥಿತಿಗೆ ಬೇಕಾಗುವ ಅಂಟುಬಲ 93ಕ್ಕೆ ಇಳಿಯುತ್ತದೆ. ಅದಕ್ಕೂ ಕಡಿಮೆ ಬಂದರೆ ಛೇದವನ್ನು ಮೊದಲಿನಿಂದ ಹಾಕಬೇಕು.

ಡ್ರೇನ್ ರಂಧ್ರಗಳನ್ನು ಗ್ಯಾಲರಿಯಿಂದ ಮತ್ತೆ ಕೊರೆದು ಶುಚಿಗೊಳಿಸಲು ಯಂತ್ರ ಒಳಹೋಗುವಷ್ಟು ಎತ್ತರ ಮತ್ತು ಅಗಲ ಇರುವಂತೆ ಗ್ಯಾಲರಿಯ ನಕ್ಷೆಯನ್ನು ತಿದ್ದಬೇಕು. ಈಗಿನ ನಕ್ಷೆಯಲ್ಲಿ ಅಷ್ಟು ಜಾಗವಿಲ್ಲ. ದಿಮ್ಮಿ ಪರೀಕ್ಷೆಯ ಫಲಿತಾಂಶ ಈ ಕಡತಕ್ಕೆ ಸೇರುವವರೆಗೆ ಬ್ಲಾಕ್ 6ರ ಮೊದಲ ಎರಕಕ್ಕೆ ನಕ್ಷೆ ಬಿಡುಗಡೆ ಮಾಡಬಾರದು.