ಮೊದಲಿನ ಐದು ನಿಮಿಷ

ಬಾಗಲಾ ಹಾಕ್ಕೊಂಡ ಬಾರೋ ಬಸು. ಎಲ್ಲಾರೂ ಕುಂದರ್ರಿ. ಸಾವಿಯೋ, ನಿನಗ ನನ್ನ ಕನ್ನಡ ತಿಳೀದಿದ್ರ ಬಸು ಕೊಂಕಣಿಯೊಳಗ ಹೇಳ್ತಾನ, ಸುಮ್ನ ತಲಿ ಅಳ್ಳಾಡಿಸಬ್ಯಾಡ.

ಮಧ್ಯಾಹ್ನ ಯಾರ್ಯಾರು ಉಂಡಿಲ್ಲ? ಕೈ ಎತ್ರಿ. ಐದು ಮಂದಿ. ನಂದೂ ಸೇರಿಸಿದ್ರ ಆರು. ನಾ ತಾಟು ಸರಿಸಿ ಎದ್ದಿದ್ದಕ್ಕ ಮನ್ಯಾಗ ಕೇಳಿದ್ರು, ಆಡೋರು ಹುಡುಗ್ರೋ ನೀವೋ ಅಂತ. ಆ ಚೀಲದಾಗ ಬಾಳೆಹಣ್ಣು ಅದಾವ. ಅರ್ಧರ್ಧ ತಿನ್ರಿ, ಅದಕ್ಕಿಂತ ಜಾಸ್ತಿ ಬ್ಯಾಡ.

ಎದುರಿನ ಟೀಮಿನವರನ್ನ ನೋಡಿ ಬಂದೀರಿ, ಗೊತ್ತೈತಿ. ಎಲ್ಲಾರದೂ ಒಂದೇ ನಮೂನಿ ಬ್ಯಾಗು, ಹೊಸಾ ಬೂಟು. ನಮ್ಮ ಮಲ್ಲುನ ಬೆನ್ನ ಮ್ಯಾಲಿನ 7 ಅರ್ಧ ಕಿತ್ತು 1 ಆಗೇತಿ. ರೆಫರಿಗೆ ಹೇಳೀನಿ, ನಕ್ಕು ಟೇಪ್ ಹಚ್ಚಾಕ ಹೇಳ್ಯಾರ. ಅದರ ಚಿಂತಿ ನಂದು.

ನೆಲದ್ದು ಕೇಳ್ರಿ. ಜುವಾರಿನಗರದಾಗ ನಾವು ಕೆಂಪು ಮಣ್ಣಿನ ಮ್ಯಾಲ ಆಡಿದವರು. ಅಲ್ಲಿ ಚೆಂಡು ಕಲ್ಲಿಗೆ ಬಡದು ಎತ್ತ ಜಿಗೀತೈತೋ ಯಾರಿಗೂ ತಿಳಿಯಂಗಿಲ್ಲ, ಅದಕ್ಕ ನಿಮ್ಮ ಕಣ್ಣು ಚೆಂಡು ಬಿಡಂಗಿಲ್ಲ. ಈ ತಿಲಕ್ ಮೈದಾನದಾಗ ಹುಲ್ಲು. ಮುಂಜಾನಿ ಮಳಿ ಬೇರೆ ಹೊಡದೈತಿ, ಚೆಂಡು ಜಾರಿ ಓಡ್ತೈತಿ. ಪಾಸು ಕಾಲಿಗೇ ಕೊಡ್ರಿ. ಮುಂದ ಎಸದ್ರ ನೀವು ಮುಟ್ಟೋದ್ರಾಗ ಲೈನ್ ದಾಟಿರ್ತೈತಿ. ದಾಬೋಳಿಯಿಂದ ವಿಮಾನ ಎದ್ದಾಗ ನನ್ನ ಕೂಗು ಕೇಳಂಗಿಲ್ಲ, ಸಂಗಮೇಶನ ಕೈ ನೋಡ್ರಿ.

ಮೊದಲಿನ ಐದು ನಿಮಿಷ ನನಗ ಗೋಲು ಬ್ಯಾಡ. ಖರೇನ ಬ್ಯಾಡ. ಹನ್ನೊಂದೂ ಮಂದಿ ಒಂದೊಂದು ಸಲ ಚೆಂಡು ಮುಟ್ಟಿರಬೇಕು, ಅಷ್ಟ. ಕಿಕ್‌ಆಫ್ ನಮಗ ಸಿಕ್ಕರ ಸೀದಾ ಹಿಂದಕ್ಕ, ಸಂಗಮೇಶಗ. ಅಂವಾ ಬಲಕ್ಕ, ಅಲ್ಲಿಂದ ಸಾವಿಯೋಗ, ಸಾವಿಯೋ ಎಡಕ್ಕ. ಹತ್ತು ಹೆಜ್ಜಿಯೊಳಗಿನ ಪಾಸು. ಮಂದಿ ಬೇಸರ ಮಾಡ್ಕೊಂಡು ಕೂಗ್ಲಿ. ಚೆಂಡು ಒಮ್ಮಿ ಕಾಲಿಗೆ ಹತ್ತಿತಂದ್ರ ಈ ತೊಡಿ ನಡುಕ ತಾನ ಇಳೀತೈತಿ. ಮುಟ್ಟದೇ ನಿಂತವನಿಗೇ ಅದು ಏರೋದು.

ಅವರ ಹತ್ತನೇ ನಂಬರು. ಸೆಮಿಫೈನಲ್‌ದಾಗ ಹೊಡದ ಮೂರೂ ಗೋಲು ಎಡಗಾಲಿಲೆ. ಬಲಗಾಲು ಬಸ್ ಹತ್ತಾಕಷ್ಟ ಇಟ್ಕೊಂಡಾನ. ಬಸು, ನೀ ಅವನ ಕಾಲಾಗ ಹಾರಿ ಬೀಳಬ್ಯಾಡ, ಅದನ್ನ ಅಂವಾ ಕಾಯ್ತಿರ್ತಾನ. ಒಂದು ಕೈ ಅಂತರ ಬಿಟ್ಟು ನಿಲ್ಲು, ಎಡಗಡೆ ದಾರಿ ಮುಚ್ಚು, ಬಲಕ್ಕ ಹೊಂಟ್ರ ಹೋಗಲಿ ಬಿಡು.

ಸಾವಿಯೋ, ತೊಯ್ದ ಚೆಂಡು ಕೈಯಾಗ ನಿಲ್ಲಂಗಿಲ್ಲ. ಎದಿಗೆ ಅವಚು, ಆಗಲಿಲ್ಲಂದ್ರ ಗುದ್ದಿ ಮಗ್ಗಲಿಗೆ ಕಳಸು, ನಡುವ ಬಿಡಬ್ಯಾಡ. ಹಿಡದ ಮ್ಯಾಲ ಎಂಟು ಸೆಕೆಂಡ್. ಕಡೀ ಐದು ಸೆಕೆಂಡ್ ರೆಫರಿ ಬೆರಳಿಲೆ ಎಣಿಸ್ತಾರ. ದಾಟಿದ್ರ ಅವರಿಗೆ ಕಾರ್ನರ್.

ಗೋಲು ಬಿತ್ತು ಅಂದ್ಕೋರಿ. ಸಂಗಮೇಶ ನೆಟ್‌ನ್ಯಾಗಿಂದ ಚೆಂಡು ತರ್ತಾನ, ನಡಕೋತ ತರ್ತಾನ. ಬಾಕಿದವರು ನಿಮ್ಮ ಜಾಗಾಕ್ಕ. ಯಾರೂ ಯಾರ ಕಡೆ ಬೆರಳು ಮಾಡಬಾರದು.

ಅರವತ್ತು ನಿಮಿಷಕ್ಕೂ ಸಮಾ ಇದ್ರ ಸೀದಾ ಪೆನಾಲ್ಟಿ. ನಾ ನಿಮ್ಮಷ್ಟಿದ್ದಾಗ ಒಂದು ಫೈನಲ್‌ದಾಗ ಕಡೀ ಪೆನಾಲ್ಟಿ ನಂದಿತ್ತು. ಎಡಕ್ಕ ಹೊಡೀಬೇಕಂತ ಹ್ವಾದೆ, ಓಡೋದ್ರಾಗ ಕೀಪರ್ ಒಂಚೂರು ಅಳ್ಳಾಡಿದ, ನಾ ಬಲಕ್ಕ ತಿರುಗಿಸಿದೆ. ಚೆಂಡು ಹೋಗಿ ಶೇಂಗಾ ಮಾರೋ ಅಜ್ಜನ ಬುಟ್ಟಿಗೆ ಬಿತ್ತು. ಸ್ಕೋರ್ ಎಷ್ಟಿತ್ತಂತ ಮರತೀನಿ, ಅಜ್ಜ ಬೈದದ್ದು ಒಂದು ಅಕ್ಷರ ಮರತಿಲ್ಲ. ನಗ್ರಿ, ನಗ್ರಿ. ಆದ್ರ ಚೆಂಡು ಕೆಳಗಿಡೂಕಿಂತ ಮೊದ್ಲ ಮೂಲಿ ಆರಿಸ್ರಿ. ಆರಿಸಿದ್ದು ತಪ್ಪಾದ್ರೂ ಅಲ್ಲಿಗೇ ಹೊಡೀರಿ. ತಪ್ಪಿದ್ರ ಬೈಸ್ಕೊಳ್ಳಾಕ ನಾ ಅದೀನಿ.

ಇರ್ಫಾನ್, ಮಾರಿ ಯಾಕ ಹಂಗ ಮಾಡೀದಿ? ಅವರ ಲೆಫ್ಟ್ ಬ್ಯಾಕ್ ದಪ್ಪ ಹುಡುಗ, ಎರಡನೇ ಹಾಫ್‌ದಾಗ ಅವನ ಉಸಿರು ಹೋಗ್ತೈತಿ. ನಿನ್ನ ಓಟ ಆಗ ಬೇಕು. ಅಲ್ಲೀತನಕ ಬೆಂಚ್ ಮ್ಯಾಲೆ ಕುಂತು ಅವನ್ನೊಬ್ಬನ್ನ ನೋಡು, ಯಾವ ಕಡೆ ತಿರುಗಾಕ ತ್ರಾಸ ಆಗ್ತೈತಿ ನನಗ ಹೇಳು.

ನಿಮ್ಮ ಅಪ್ಪಂದಿರು ಗೌಂಡಿ ಕೆಲಸದ ಒಂದಿನದ ಪಗಾರ ಬಿಟ್ಟು ಬಂದಾರ. ಸಂಗಮೇಶನ ಅವ್ವ ಭಾಜಿ ಅಂಗಡಿ ಮುಚ್ಚಿ ಬಂದಾಳ. ಅವರೆಲ್ಲಾ ‘ಹೊಡಿಯಲೇ, ಹೊಡಿಯಲೇ’ ಅಂತ ಒದರ್ತಾರ. ಪ್ರೀತಿಲೆ ಒದರ್ತಾರ. ಆದ್ರ ಹೊಡೀಬ್ಯಾಡ್ರಿ, ಪಾಸು ಕೊಡ್ರಿ.

ಸೀಟಿ ಆತು. ಮಲ್ಲು, ಇಲ್ಲಿ ಬಾ, ಬೆನ್ನು ತಿರುಗು, ಟೇಪ್ ಹಚ್ಚತೀನಿ. ಸಾವಿಯೋ, ಆ ಲೇಸ್ ಮೂರನೇ ಸಲ ಬಿಚ್ಚಿ ಕಟ್ಟಾಕತ್ತೀದಿ, ಸಾಕು, ಗಟ್ಟಿ ಐತಿ ಅದು. ಬಾಳೆಹಣ್ಣಿನ ಸಿಪ್ಪಿ ಯಾರೂ ಇಲ್ಲಿ ಬಿಡಬ್ಯಾಡ್ರಿ, ಡಬ್ಬ್ಯಾಗ ಹಾಕ್ರಿ. ಸಂಗಮೇಶ ಮುಂದ. ನಡೀರಿ.